ಬೇಡವೆಂದ ಪಾರ್ಸೆಲ್‌ಗೂ ದುಡ್ಡು ಹೋಯಿತು: ಒಂದು ಕ್ಯಾಶ್ ಆನ್ ಡೆಲಿವರಿ ಆರ್ಡರ್‌ನ ಪ್ರಕರಣ ಅಧ್ಯಯನ

ಆನ್‌ಲೈನ್ ಮಾರಾಟಗಾರರ ಕಡೆಯಲ್ಲಿ ರಿಟರ್ನ್ ಮತ್ತು ರೀಫಂಡ್ ಲೆಕ್ಕ ನೋಡುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಕ್ಯಾಶ್ ಆನ್ ಡೆಲಿವರಿ ತಕರಾರು ಬಂದಾಗಲೆಲ್ಲ ನಾನು ಮೊದಲು ಎರಡು ವಿಷಯಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೆ: ಮನೆ ಬಾಗಿಲಲ್ಲಿ ನಡೆದದ್ದೇನು, ಕೊರಿಯರ್‌ನವರ ದಾಖಲೆಯಲ್ಲಿ ಬಿದ್ದದ್ದೇನು. ಇವೆರಡೂ ಹೊಂದಿಕೊಂಡರೆ ದುಡ್ಡು ಹೇಗಾದರೂ ವಾಪಸ್ ಬರುತ್ತದೆ. ಹೊಂದದಿದ್ದರೆ ಗ್ರಾಹಕರು ಹೇಳುವ ಪ್ರತಿಯೊಂದು ಮಾತೂ ನಿಜವಾಗಿದ್ದರೂ ಅವರ ದೂರು ಸುಳ್ಳಿನಂತೆ ಕಾಣತೊಡಗುತ್ತದೆ. ಪರಿಚಯದ ಮಹಿಳೆಯೊಬ್ಬರು ತಮ್ಮ ಆರ್ಡರ್‌ನ ಕಾಗದಪತ್ರಗಳನ್ನು ತಂದು ನನ್ನ ಮುಂದಿಟ್ಟಾಗ ಕಂಡದ್ದು ಇದೇ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ತೆಗೆದು, ಆ ಪ್ರಕರಣವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಇಲ್ಲಿ ಅವರನ್ನು ಗ್ರಾಹಕಿ ಎಂದಷ್ಟೇ ಕರೆಯುತ್ತೇನೆ. ಮಾರಾಟ ತಾಣದ ಹೆಸರಾಗಲಿ ಕೊರಿಯರ್ ಕಂಪನಿಯ ಹೆಸರಾಗಲಿ ಇಲ್ಲಿ ಬೇಕಿಲ್ಲ. ಲೆಕ್ಕ ಸುಲಭವಾಗಲೆಂದು ಆರ್ಡರ್‌ನ ಒಟ್ಟು ಮೊತ್ತವನ್ನು 100 ಎಂದು ಇಟ್ಟುಕೊಂಡಿದ್ದೇನೆ.

ಆರ್ಡರ್‌ನಲ್ಲಿ ಇದ್ದದ್ದು ಎರಡು ವಸ್ತುಗಳು. ಉಗಿ ಬರುವ ಇಸ್ತ್ರಿಪೆಟ್ಟಿಗೆಗೆ 58, ಹಾಸಿಗೆಯ ಹೊದಿಕೆಗಳ ಸೆಟ್‌ಗೆ 34, ಸಾಗಣೆಗೆ 5, ಕ್ಯಾಶ್ ಆನ್ ಡೆಲಿವರಿ ಶುಲ್ಕವೆಂದು 3. ಎರಡು ವಸ್ತುಗಳೂ ಬೇರೆ ಬೇರೆ ಗೋದಾಮಿನಲ್ಲಿದ್ದುದರಿಂದ ಒಂದೇ ಆರ್ಡರ್ ಎರಡು ಪಾರ್ಸೆಲ್ ಆಗಿ ಹೊರಟಿತು. ಪ್ರತಿ ಪಾರ್ಸೆಲ್‌ಗೂ ಪ್ರತ್ಯೇಕ ಟ್ರ್ಯಾಕಿಂಗ್ ನಂಬರ್ ಮತ್ತು ಬಾಗಿಲಲ್ಲಿ ವಸೂಲು ಮಾಡಬೇಕಾದ ಪ್ರತ್ಯೇಕ ಮೊತ್ತ ಇರುತ್ತದೆ, ಆ ಮೊತ್ತ ಲೇಬಲ್ ಮೇಲೆ ಅಚ್ಚಾಗಿರುತ್ತದೆ. ಸಾಗಣೆ ಮತ್ತು ಶುಲ್ಕದ 8 ಪೂರ್ತಿಯಾಗಿ ಮೊದಲ ಪಾರ್ಸೆಲ್ ಮೇಲೆ ಬಿತ್ತು. ಹೀಗಾಗಿ ಇಸ್ತ್ರಿಪೆಟ್ಟಿಗೆಯ ಲೇಬಲ್ ಮೇಲೆ 66 ಎಂದೂ ಹೊದಿಕೆಗಳ ಲೇಬಲ್ ಮೇಲೆ 34 ಎಂದೂ ಇತ್ತು. ಎರಡು ಸಲ ಬರುತ್ತದೆ, ಎರಡು ಸಲ ದುಡ್ಡು ಕೊಡಬೇಕು ಎಂಬುದು ಗ್ರಾಹಕಿಗೆ ಆರ್ಡರ್ ಪುಟದಲ್ಲಿ ಕಂಡಿತ್ತು. ಮನೆಯಲ್ಲಿರುತ್ತಿದ್ದ ಮಾವನವರಿಗೆ ಅವರು ಹೇಳಿದ್ದು ಮಾತ್ರ, "ಪಾರ್ಸೆಲ್ ಬಂದ್ರೆ ದುಡ್ಡು ಕೊಟ್ಟು ಇಸ್ಕೊಳ್ಳಿ ಮಾವ" ಎಂದಷ್ಟೇ. ಈ ಒಂದು ಮಾತು ಮುಂದೆ 11ನೆಯ ದಿನ ಮತ್ತೆ ಕೆಲಸ ಮಾಡಿತು.

ಮೊದಲ ಪಾರ್ಸೆಲ್

5ನೆಯ ದಿನ ಮಧ್ಯಾಹ್ನ ಮೊದಲ ಪೆಟ್ಟಿಗೆ ಬಂತು. ಮಾವನವರು ತೆರೆದು ನೋಡಿ ದುಡ್ಡು ಕೊಡುತ್ತೇನೆ ಎಂದಿದ್ದಕ್ಕೆ ಡೆಲಿವರಿ ಹುಡುಗ, "ದುಡ್ಡು ಕೊಟ್ಮೇಲೇ ಓಪನ್ ಮಾಡ್ಬೇಕು ಅಜ್ಜ, ರೂಲ್ಸ್ ಹಂಗಿದೆ" ಎಂದ. ಅವನು ಹೇಳಿದ್ದು ಸರಿ. ಬಾಗಿಲಲ್ಲೇ ತೆರೆದು ತೋರಿಸುವ ಸೌಲಭ್ಯವನ್ನು ಮಾರಾಟಗಾರರು ಆ ಪಾರ್ಸೆಲ್‌ಗೆ ಮೊದಲೇ ಆಯ್ದುಕೊಂಡಿದ್ದರೆ ಮಾತ್ರ ಹುಡುಗನ ಕೈಯಲ್ಲಿರುವ ಫೋನಿನಲ್ಲಿ ಅದಕ್ಕೆ ಅವಕಾಶವಿರುತ್ತದೆ. ಅವನು ಮಾರಾಟಗಾರರ ಕಡೆಯ ನೌಕರನಲ್ಲ. ಮೊತ್ತವನ್ನು ಕಡಿಮೆ ಮಾಡುವ, ಅರ್ಧ ತೆಗೆದುಕೊಳ್ಳುವ, ನಾಳೆ ತೊಂದರೆಯಾದರೆ ಹಿಂದಿರುಗಿಸುವ ಅಧಿಕಾರ ಯಾವುದೂ ಅವನಿಗಿಲ್ಲ. ಸಂಜೆ ಹಬ್‌ಗೆ, ಅಂದರೆ ಕೊರಿಯರ್‌ನವರು ಪಾರ್ಸೆಲ್ ವಿಂಗಡಿಸುವ ಕೇಂದ್ರಕ್ಕೆ, ಹೋದಾಗ 'ತಲುಪಿದೆ' ಎಂದು ಒತ್ತಿದ ಪಾರ್ಸೆಲ್‌ಗಳ ಮೊತ್ತಕ್ಕೂ ಜೇಬಿನ ನಗದಿಗೂ ತಾಳೆ ಬರಬೇಕು, ಬರದಿದ್ದರೆ ಕೊರತೆಯನ್ನು ಅವನೇ ತುಂಬಬೇಕಾದ ಸಂದರ್ಭಗಳೂ ಉಂಟು. ಹಾಗಾಗಿ ಹುಡುಗನೊಂದಿಗೆ ಜಗಳವಾಡಿ ಫಲವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಮಾವನವರು 66 ಎಣಿಸಿ ಕೊಟ್ಟರು.

ರಾತ್ರಿ ಗ್ರಾಹಕಿ ಪೆಟ್ಟಿಗೆ ತೆರೆದಾಗ ಒಳಗಿದ್ದದ್ದು ಉಗಿಯಿಲ್ಲದ ಸಾಧಾರಣ ಇಸ್ತ್ರಿಪೆಟ್ಟಿಗೆ, ಬೇರೆಯೇ ಮಾದರಿಯದು. ಅವರು ಆಗಲೇ ಆ್ಯಪ್ ತೆರೆದು ರಿಟರ್ನ್ ಕೋರಿಕೆ ಹಾಕಿದರು. ಕಾರಣ ಆಯ್ದುಕೊಳ್ಳುವ ಪಟ್ಟಿಯಲ್ಲಿ ಮೊದಲಿಗೆ ಕಂಡ 'ಈಗ ಬೇಡ' ಎಂಬುದನ್ನು ಒತ್ತಿದರು. ಹೇಗೂ ವಾಪಸ್ ಹೋಗುತ್ತದಲ್ಲ, ಕಾರಣ ಯಾವುದಾದರೇನು ಎಂಬುದು ಅವರ ಭಾವನೆ. ಈ ಪ್ರಕರಣದಲ್ಲಿ ನಡೆದ ತಪ್ಪುಗಳಲ್ಲಿ ಅತಿ ದುಬಾರಿಯಾದದ್ದು ಇದೇ ಎಂದು ನಾನು ಎಣಿಸುತ್ತೇನೆ.

ಏಕೆಂದರೆ ರಿಟರ್ನ್ ಪಿಕಪ್‌ಗೆ ಬರುವವನ ಫೋನಿನಲ್ಲಿ ಆರ್ಡರ್ ಮಾಡಿದ ವಸ್ತುವಿನ ಚಿತ್ರ, ಬಣ್ಣ, ಮಾದರಿ ಸಂಖ್ಯೆ ಇರುತ್ತವೆ. 'ಈಗ ಬೇಡ' ಎಂಬ ಕಾರಣವಿದ್ದಾಗ ಮಾರಾಟಗಾರರ ಲೆಕ್ಕದಲ್ಲಿ ಸರಿಯಾದ ವಸ್ತುವೇ ಗ್ರಾಹಕರ ಕೈಯಲ್ಲಿದೆ, ಅದೇ ವಸ್ತು ಹಿಂದಿರುಗಬೇಕು. ಚಿತ್ರದಲ್ಲಿರುವುದು ಒಂದು, ಕೈಗೆ ಕೊಟ್ಟದ್ದು ಇನ್ನೊಂದು ಆದರೆ ಪಿಕಪ್ ಹುಡುಗ ತೆಗೆದುಕೊಳ್ಳುವಂತಿಲ್ಲ. 8ನೆಯ ದಿನ ಬಂದವನು ಹಾಗೆಯೇ ಮಾಡಿದ. 'ವಸ್ತು ಹೊಂದುತ್ತಿಲ್ಲ' ಎಂದು ದಾಖಲಿಸಿ ಹೊರಟುಹೋದ. ತಪ್ಪು ವಸ್ತು ಕಳಿಸಿದವರೇ ಈಗ ಗ್ರಾಹಕಿ ತಪ್ಪು ವಸ್ತು ಹಿಂದಿರುಗಿಸಲು ಯತ್ನಿಸಿದರು ಎಂಬ ಟಿಪ್ಪಣಿಯನ್ನು ತಮ್ಮ ಕಡೆ ಹೊಂದಿದಂತಾಯಿತು. ಮೊದಲೇ 'ಬೇರೆ ವಸ್ತು ಬಂದಿದೆ' ಎಂಬ ಕಾರಣ ಆಯ್ದು ಫೋಟೊ ಲಗತ್ತಿಸಿದ್ದರೆ ಆ ಪರೀಕ್ಷೆ ಬೇರೆ ರೀತಿಯಲ್ಲಿ ನಡೆಯುತ್ತಿತ್ತು: ಬಂದ ವಸ್ತುವನ್ನು ಬಂದಂತೆಯೇ ಒಯ್ಯಲು ಸೂಚನೆ ಹೋಗುತ್ತಿತ್ತು.

ಅದೇ ದಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ, "ಮೇಡಂ, ನಿಮ್ಮ ಪೇಮೆಂಟ್ ನಮಗಿನ್ನೂ ಬಂದೇ ಇಲ್ಲ" ಎಂಬ ಉತ್ತರ ಸಿಕ್ಕಿತು. ಇದು ಸುಳ್ಳಲ್ಲ. ಬಾಗಿಲಲ್ಲಿ ಕೊಟ್ಟ ನಗದು ಹಬ್‌ಗೆ, ಹಬ್‌ನಿಂದ ಕೊರಿಯರ್ ಕಂಪನಿಯ ಖಾತೆಗೆ ಹೋಗಿ, ಅಲ್ಲಿಂದ ಹಲವಾರು ಪಾರ್ಸೆಲ್‌ಗಳ ಮೊತ್ತ ಒಟ್ಟುಗೂಡಿ ಕೆಲವು ದಿನಗಳ ನಂತರ ಮಾರಾಟಗಾರರಿಗೆ ಜಮೆಯಾಗುತ್ತದೆ. ಆದರೆ ಇದು ಅವರಿಬ್ಬರ ನಡುವಿನ ಲೆಕ್ಕ. ಕೊರಿಯರ್‌ನವರು ವಸೂಲು ಮಾಡುವುದು ಮಾರಾಟಗಾರರ ಪರವಾಗಿ. ಅವರ ಕೈಗೆ ಕೊಟ್ಟರೆ ಮಾರಾಟಗಾರರಿಗೆ ಕೊಟ್ಟಂತೆಯೇ. ಟ್ರ್ಯಾಕಿಂಗ್ ಪುಟದಲ್ಲಿ 'ತಲುಪಿದೆ' ಎಂದು ಕಾಣುತ್ತಿದ್ದ ಮೇಲೆ ಆ ಉತ್ತರವನ್ನು ಗ್ರಾಹಕಿ ಒಪ್ಪಬೇಕಾಗಿರಲಿಲ್ಲ. ಅವರು ಒಪ್ಪಿ ಫೋನ್ ಇಟ್ಟರು.

ಎರಡನೆಯ ಪಾರ್ಸೆಲ್

9ನೆಯ ದಿನ ಹೊದಿಕೆಗಳ ಪಾರ್ಸೆಲ್ ಬಂದಾಗ ಬಾಗಿಲು ತೆರೆದದ್ದು ಗ್ರಾಹಕಿಯೇ. ಮೊದಲಿನ 66 ಹೋಗಿ ಕೂತಿರುವಾಗ ಇನ್ನೂ 34 ಕೊಡುವುದಿಲ್ಲ ಎಂದು ನಿರ್ಧರಿಸಿ, "ಬೇಡಪ್ಪ, ವಾಪಸ್ ತಗೊಂಡ್ಹೋಗು" ಎಂದರು. ಹುಡುಗ ಸರಿ ಎಂದು ಹೊರಟ. ಬೇಡವೆನ್ನುವುದು ಅವರ ಹಕ್ಕು, ಸಂದೇಹವೇ ಇಲ್ಲ. ದುಡ್ಡು ಇನ್ನೂ ಕೈಬಿಟ್ಟಿಲ್ಲದಿರುವಾಗ ಗ್ರಾಹಕರು ಇರುವಷ್ಟು ಗಟ್ಟಿ ನೆಲದ ಮೇಲೆ ಆಮೇಲೆ ಎಂದೂ ಇರುವುದಿಲ್ಲ. ಆದರೆ ಅವರ 'ಬೇಡ' ಎಂಬ ಮಾತಿಗೆ ಆ ಕ್ಷಣ ಒಂದೇ ಒಂದು ಗುರುತು ಉಳಿಯಲಿಲ್ಲ.

ಪಾರ್ಸೆಲ್ ತಲುಪದಿದ್ದಾಗ ಹುಡುಗ ತನ್ನ ಫೋನಿನಲ್ಲಿ ಒಂದು ಕಾರಣ ಒತ್ತಲೇಬೇಕು. ಗ್ರಾಹಕರು ನಿರಾಕರಿಸಿದರು, ಮನೆಯಲ್ಲಿ ಯಾರೂ ಇರಲಿಲ್ಲ, ವಿಳಾಸ ಸಿಗಲಿಲ್ಲ, ಬೇರೆ ದಿನ ಬರಲು ಹೇಳಿದರು ಎಂಬಂಥ ನಾಲ್ಕೈದು ಕಾರಣಗಳ ಪಟ್ಟಿ ಅದು. ಯಾವುದನ್ನು ಒತ್ತಿದ ಎಂಬುದರ ಮೇಲೆ ಪಾರ್ಸೆಲ್‌ನ ಮುಂದಿನ ದಾರಿ ನಿಲ್ಲುತ್ತದೆ. 'ನಿರಾಕರಿಸಿದರು' ಎಂದಾದರೆ ಅದು ಮಾರಾಟಗಾರರಿಗೆ ಮರಳುವ ದಾರಿ ಹಿಡಿಯುತ್ತದೆ. ಕೊರಿಯರ್‌ನವರು ಇದಕ್ಕೆ ಆರ್‌ಟಿಒ, ಅಂದರೆ ರಿಟರ್ನ್ ಟು ಒರಿಜಿನ್, ಎನ್ನುತ್ತಾರೆ. 'ಯಾರೂ ಇರಲಿಲ್ಲ' ಎಂದಾದರೆ ಮತ್ತೆ ಬರುತ್ತದೆ, ಸಾಮಾನ್ಯವಾಗಿ ಒಟ್ಟು ಮೂರು ಸಲದವರೆಗೆ. ನಿರಾಕರಣೆ ಎಂದು ಒತ್ತಿದರೆ ಹಲವೆಡೆ ಗ್ರಾಹಕರಿಗೆ ಒಟಿಪಿ ಹೋಗುತ್ತದೆ ಅಥವಾ ಹಬ್‌ನಿಂದ ಖಚಿತಪಡಿಸಿಕೊಳ್ಳುವ ಕರೆ ಬರುತ್ತದೆ. ಅಷ್ಟು ಹೊತ್ತು ನಿಲ್ಲಲು ಪುರುಸೊತ್ತಿಲ್ಲದವನು ಸುಲಭದ ಕಾರಣ ಒತ್ತಿಬಿಡುತ್ತಾನೆ. ಆವತ್ತು ಬಿದ್ದ ದಾಖಲೆ 'ಮನೆ ಬಾಗಿಲು ಹಾಕಿತ್ತು' ಎಂದು. ಅರ್ಧ ಗಂಟೆಯ ಒಳಗೆ ಗ್ರಾಹಕಿಯ ಫೋನಿಗೆ ಈ ಸಂದೇಶ ಬಂದಿತ್ತು, ಕಚೇರಿಯ ಕೆಲಸದಲ್ಲಿ ಅವರು ಅದನ್ನು ನೋಡಲಿಲ್ಲ. ನೋಡಿ ಅಲ್ಲಿಯೇ 'ನಾನು ಮನೆಯಲ್ಲಿದ್ದೆ, ಪಾರ್ಸೆಲ್ ನಿರಾಕರಿಸಿದ್ದೇನೆ' ಎಂದು ಉತ್ತರಿಸಿದ್ದರೆ ಅಥವಾ ಆರ್ಡರ್ ಪುಟದಲ್ಲಿ ಆ ಒಂದು ವಸ್ತುವನ್ನು ರದ್ದು ಮಾಡಿದ್ದರೆ ಪ್ರಕರಣದ ಅರ್ಧಭಾಗ ಅಲ್ಲಿಗೇ ನಿಲ್ಲುತ್ತಿತ್ತು.

ಇಲ್ಲಿ ಒಟಿಪಿಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪಾರ್ಸೆಲ್ ತಲುಪಿದ್ದಕ್ಕೆ ಒಂದು ಒಟಿಪಿ, ನಿರಾಕರಿಸಿದ್ದಕ್ಕೆ ಇನ್ನೊಂದು ಒಟಿಪಿ ಇರಬಹುದು, ಅಂಕೆಗಳನ್ನು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸವಿರುವುದು ಸಂದೇಶದ ಮಾತಿನಲ್ಲಿ. ತಲುಪಿದ್ದರ ಒಟಿಪಿಯನ್ನು ಹೇಳಿಬಿಟ್ಟರೆ ಪಾರ್ಸೆಲ್ ಹುಡುಗನ ಚೀಲದಲ್ಲೇ ಇದ್ದರೂ ದಾಖಲೆಯಲ್ಲಿ ಅದು ನಿಮ್ಮ ಮನೆಯಲ್ಲಿದೆ. ಈ ಪ್ರಕರಣದಲ್ಲಿ ಹಾಗಾಗಲಿಲ್ಲ, ಆದರೆ ನನ್ನ ಮೇಜಿಗೆ ಬಂದ ಹಲವು ಪ್ರಕರಣಗಳಲ್ಲಿ ಆಗಿತ್ತು.

11ನೆಯ ದಿನ ಅದೇ ಪಾರ್ಸೆಲ್ ಮತ್ತೆ ಬಂತು. ಗ್ರಾಹಕಿ ಮನೆಯಲ್ಲಿರಲಿಲ್ಲ. ಮಾವನವರು, ಸೊಸೆ ಹೇಳಿದ್ದ ಮಾತಿನಂತೆ, 34 ಕೊಟ್ಟು ಇಸಿದುಕೊಂಡರು.

12ನೆಯ ದಿನ ಗ್ರಾಹಕಿ ಮತ್ತೆ ಫೋನ್ ಮಾಡಿ, ಮೊದಲ ಪಾರ್ಸೆಲ್‌ನಲ್ಲಿ ಬೇರೆ ವಸ್ತು ಬಂದಿದೆಯೆಂದೂ ಎರಡನೆಯದನ್ನು ತಾವು ನಿರಾಕರಿಸಿದ್ದರೂ ದುಡ್ಡು ಹೋಗಿದೆಯೆಂದೂ ಒಂದೇ ಉಸಿರಿಗೆ ದೂರಿದರು. ಆ ಕಡೆ ಕೂತವರಿಗೆ ಪರದೆಯ ಮೇಲೆ ಕಾಣುತ್ತಿದ್ದುದೇ ಬೇರೆ. ಮೊದಲನೆಯದರ ಕಾರಣ 'ಈಗ ಬೇಡ', ಪಿಕಪ್‌ನಲ್ಲಿ ವಸ್ತು ಹೊಂದಲಿಲ್ಲ. ಎರಡನೆಯದರಲ್ಲಿ ಒಮ್ಮೆ ಬಾಗಿಲು ಹಾಕಿತ್ತು, ಇನ್ನೊಮ್ಮೆ ತಲುಪಿದೆ, ನಗದು ಪೂರ್ತಿ ಬಂದಿದೆ. ನಿರಾಕರಣೆಯ ಸುಳಿವೇ ಇಲ್ಲ. 13ನೆಯ ದಿನ ದೂರು ಮುಕ್ತಾಯವಾಯಿತು. ಗ್ರಾಹಕರ ಹೇಳಿಕೆ ದಾಖಲೆಯೊಂದಿಗೆ ಹೊಂದುತ್ತಿಲ್ಲ ಎಂಬುದು ಕೊಟ್ಟ ಕಾರಣ. ಆ ಮೇಜಿನ ಈಚೆ ಕೂತವನಾಗಿ ಹೇಳುತ್ತೇನೆ, ನಾನಿದ್ದಿದ್ದರೂ ಅಷ್ಟನ್ನೇ ನೋಡಿ ಅದನ್ನೇ ಬರೆಯುತ್ತಿದ್ದೆನೇನೋ.

ದೂರನ್ನು ಮತ್ತೆ ಕಟ್ಟಿದ್ದು

14ನೆಯ ದಿನ ಸಂಜೆ ಅವರು ಪೆಟ್ಟಿಗೆಯ ಸಮೇತ ನನ್ನ ಹತ್ತಿರ ಬಂದರು. ಅವರ ಕೈಯಲ್ಲಿದ್ದ ಮುಖ್ಯ ಆಧಾರವೆಂದು ಅವರು ನಂಬಿದ್ದು ತೂಕ. ಲೇಬಲ್ ಮೇಲೆ 2.1 ಕೆ.ಜಿ. ಎಂದಿತ್ತು, ಅಡುಗೆಮನೆಯ ತಕ್ಕಡಿಯಲ್ಲಿ ಪೆಟ್ಟಿಗೆ ಸಮೇತ 0.9 ಕೆ.ಜಿ. ತೂಗಿತು, ದಾರಿಯಲ್ಲಿ ಯಾರೋ ಬದಲಾಯಿಸಿದ್ದಾರೆ ಎಂಬುದು ಅವರ ವಾದ. ನಾನು ಟೇಪು ಹಿಡಿದು ಪೆಟ್ಟಿಗೆ ಅಳೆದೆ: ಉದ್ದ 35, ಅಗಲ 20, ಎತ್ತರ 15 ಸೆಂಟಿಮೀಟರ್. ಗುಣಿಸಿದರೆ 10,500. ಹಲವು ಕೊರಿಯರ್‌ಗಳು ಪೆಟ್ಟಿಗೆ ಹಿಡಿಯುವ ಜಾಗಕ್ಕೂ ಬಾಡಿಗೆ ಹಾಕುವುದರಿಂದ ಈ ಗುಣಲಬ್ಧವನ್ನು 5,000ದಿಂದ ಭಾಗಿಸಿ ಬಂದದ್ದನ್ನು ಗಾತ್ರದ ತೂಕವೆಂದು ಹಿಡಿಯುತ್ತವೆ, ನಿಜ ತೂಕಕ್ಕಿಂತ ಅದು ಹೆಚ್ಚಾಗಿದ್ದರೆ ಅದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. 10,500ನ್ನು 5,000ದಿಂದ ಭಾಗಿಸಿದರೆ ಬರುವುದು 2.1. ಲೇಬಲ್‌ನ ತೂಕ ಪೆಟ್ಟಿಗೆಯದ್ದೇ ಆಗಿತ್ತು, ಒಳಗಿನ ವಸ್ತುವಿನದ್ದಲ್ಲ. ಅದನ್ನು ಹಿಡಿದು ಕಳ್ಳತನದ ಆರೋಪ ಹೊರಿಸಿದ್ದರೆ ಒಂದೇ ಸಾಲಿನ ಉತ್ತರದಲ್ಲಿ ಬಿದ್ದುಹೋಗುತ್ತಿತ್ತು. ಆದರೆ ತೂಕದ ಎಳೆಯನ್ನು ಪೂರ್ತಿ ಬಿಡಬೇಕಾಗಿಯೂ ಇರಲಿಲ್ಲ. ಆರ್ಡರ್ ಮಾಡಿದ ಇಸ್ತ್ರಿಪೆಟ್ಟಿಗೆಯೊಂದೇ 1.4 ಕೆ.ಜಿ. ತೂಗುತ್ತದೆ ಎಂದು ಮಾರಾಟ ಪುಟದಲ್ಲೇ ಇತ್ತು. ಪಾರ್ಸೆಲ್ ಹೊರಟ ಮೊದಲ ಹಬ್‌ನಲ್ಲಿ ಯಂತ್ರ ತೂಗಿದ ನಿಜ ತೂಕದ ದಾಖಲೆ ಕೊರಿಯರ್‌ನವರ ಬಳಿ ಇರುವ ಸಾಧ್ಯತೆಯಿತ್ತು. ಅಲ್ಲಿಯೂ 0.9ರ ಆಸುಪಾಸು ಇದ್ದರೆ ತಪ್ಪು ನಡೆದದ್ದು ಗೋದಾಮಿನಲ್ಲಿ, 1.4ಕ್ಕಿಂತ ಹೆಚ್ಚಿದ್ದರೆ ದಾರಿಯಲ್ಲಿ.

ಎರಡನೆಯ ಪಾರ್ಸೆಲ್ ವಿಷಯದಲ್ಲಿ ನಾನು ಅವರಿಗೆ ಕಹಿಯಾದ ಸಲಹೆ ಕೊಡಬೇಕಾಯಿತು. ನಿರಾಕರಿಸಿದ್ದೆ ಎಂಬ ವಾದವನ್ನು ಕೈಬಿಟ್ಟು, ತಲುಪಿದ್ದನ್ನು ಒಪ್ಪಿಕೊಂಡು, ರಿಟರ್ನ್ ಅವಧಿ ಮುಗಿಯುವ ಮೊದಲು ಸಾಮಾನ್ಯ ರಿಟರ್ನ್ ಆಗಿ ಕೇಳುವಂತೆ ಹೇಳಿದೆ. ನಿಜವನ್ನು ಬಿಟ್ಟುಕೊಟ್ಟಂತಾಗುತ್ತದಲ್ಲ ಎಂದು ಅವರಿಗೆ ಬೇಸರವಾಯಿತು, ಆ ಬೇಸರ ನ್ಯಾಯವಾದದ್ದೇ. ಆದರೆ ಮನೆಯವರೇ ದುಡ್ಡು ಕೊಟ್ಟು ಪಡೆದ ಮೇಲೆ ಹಿಂದಿನ ನಿರಾಕರಣೆಗೆ ಬಲ ಉಳಿಯುವುದಿಲ್ಲ, ಹೊದಿಕೆಗಳ ಪೊಟ್ಟಣವನ್ನು ಇನ್ನೂ ಬಿಚ್ಚಿರಲಿಲ್ಲ, ಅವಧಿಯೂ ಉಳಿದಿತ್ತು. ಬಾಯಿಮಾತಿನ ಅಥವಾ ಮೌನದ ನಿರಾಕರಣೆಗೆ ಬೆಲೆ ಕಡಿಮೆ ಎಂಬುದು ಗ್ರಾಹಕರ ಪರವಾದ ಕಾನೂನುಗಳಲ್ಲಿಯೂ ಕಾಣುತ್ತದೆ. ಯುರೋಪಿಯನ್ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನ ದೂರದಿಂದ ಮಾಡಿದ ಖರೀದಿಯಿಂದ 14 ದಿನಗಳೊಳಗೆ ಕಾರಣ ಕೊಡದೆ ಹಿಂದೆ ಸರಿಯಲು ಅವಕಾಶ ಕೊಡುತ್ತದೆ, ಆದರೆ ಹಿಂದೆ ಸರಿಯುತ್ತಿದ್ದೇನೆ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಅದೂ ಕೇಳುತ್ತದೆ.

ಆ ರಾತ್ರಿ ಎರಡು ಪ್ರತ್ಯೇಕ ಇಮೇಲ್ ಹೋದವು, ಪಾರ್ಸೆಲ್‌ಗೆ ಒಂದರಂತೆ. ಮೊದಲನೆಯದರ ಒಡಲು ಇಷ್ಟೇ ಇತ್ತು:

"ಈ ಟ್ರ್ಯಾಕಿಂಗ್ ನಂಬರ್‌ನ ಪಾರ್ಸೆಲ್‌ಗೆ 5ನೆಯ ದಿನ 66 ನಗದು ಕೊಟ್ಟಿದ್ದೇವೆ. ಒಳಗೆ ಬಂದದ್ದು ಆರ್ಡರ್ ಮಾಡಿದ ಮಾದರಿಯಲ್ಲ. ಲೇಬಲ್, ಪೆಟ್ಟಿಗೆಯ ಆರು ಬದಿ ಮತ್ತು ವಸ್ತುವಿನ ಮಾದರಿ ಸಂಖ್ಯೆಯ ಫೋಟೊಗಳನ್ನು ಲಗತ್ತಿಸಿದ್ದೇನೆ. ರಿಟರ್ನ್ ಕಾರಣವನ್ನು ನಾನು ತಪ್ಪಾಗಿ 'ಈಗ ಬೇಡ' ಎಂದು ಆಯ್ದಿದ್ದರಿಂದ ಪಿಕಪ್‌ನಲ್ಲಿ ವಸ್ತು ಹೊಂದಲಿಲ್ಲ. ಕಾರಣವನ್ನು 'ಬೇರೆ ವಸ್ತು ಬಂದಿದೆ' ಎಂದು ತಿದ್ದಿ, ಮೊದಲ ಹಬ್‌ನ ನಿಜ ತೂಕವನ್ನು ಕೊರಿಯರ್‌ನವರಿಂದ ಪಡೆದು ನೋಡಿ, ಬಂದ ವಸ್ತುವನ್ನೇ ಒಯ್ಯುವಂತೆ ಸೂಚನೆ ಕೊಟ್ಟು 66 ಹಿಂದಿರುಗಿಸಬೇಕು."

ತಮ್ಮ ತಪ್ಪನ್ನು ಗ್ರಾಹಕಿಯೇ ಹೇಳಿಕೊಂಡ ಆ ಒಂದು ವಾಕ್ಯವನ್ನು ತೆಗೆಯಬಾರದೆಂದು ನಾನು ಒತ್ತಾಯಿಸಿದ್ದೆ. ಪರದೆಯ ಮೇಲಿನ ದಾಖಲೆಗೂ ಅವರ ಮಾತಿಗೂ ನಡುವಿನ ಬಿರುಕು ಮುಚ್ಚುವುದು ಆ ವಾಕ್ಯದಿಂದಲೇ. 17ನೆಯ ದಿನ ಉತ್ತರ ಬಂತು: ಮೊದಲ ಹಬ್‌ನಲ್ಲಿಯೂ 0.9 ತೂಗಿತ್ತು, ಗೋದಾಮಿನ ತಪ್ಪನ್ನು ಒಪ್ಪಿದ್ದೇವೆ. 19ನೆಯ ದಿನ ಎರಡೂ ಪಾರ್ಸೆಲ್‌ಗಳು ಹೋದವು. ಈ ಸಲ ಪಿಕಪ್ ಸಂದೇಶ ಬರುವವರೆಗೆ ಗ್ರಾಹಕಿ ಒಯ್ಯುವವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದರು.

ದುಡ್ಡು ಬಂದ ದಾರಿ

ಕಾರ್ಡಿನಿಂದ ಕೊಟ್ಟಿದ್ದರೆ ದುಡ್ಡು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಗದಿಗೆ ಅಂಥ ದಾರಿ ಇಲ್ಲ. ಮಾರಾಟಗಾರರು ಹೊಸದಾಗಿ ಒಂದು ವರ್ಗಾವಣೆ ಮಾಡಬೇಕು, ಅದಕ್ಕೆ ಗ್ರಾಹಕರ ಖಾತೆಯ ವಿವರ ಬೇಕು, ಹೊಸ ತಪ್ಪುಗಳು ಹುಟ್ಟುವುದು ಇಲ್ಲಿ. ಅದರ ಬದಲು ತಾಣದೊಳಗಿನ ವ್ಯಾಲೆಟ್‌ಗೆ ಹಾಕುತ್ತೇವೆ ಎಂಬ ಆಯ್ಕೆಯೂ ಬಂದಿತ್ತು. ಅದು ಕೂಡಲೇ ಬರುತ್ತದೆ, ಆದರೆ ಅಲ್ಲಿಯೇ ಖರ್ಚಾಗಬೇಕು. ನಗದು ಕೊಟ್ಟವರು ಅದನ್ನು ಒಪ್ಪಬೇಕಿಲ್ಲ ಎಂದು ನಾನು ಹೇಳಿದೆ.

24ನೆಯ ದಿನ 'ರೀಫಂಡ್ ಪೂರ್ಣಗೊಂಡಿದೆ' ಎಂಬ ಸಂದೇಶ ಬಂತು. 31ನೆಯ ದಿನವಾದರೂ ಖಾತೆಯಲ್ಲಿ ಏನೂ ಇರಲಿಲ್ಲ. ಅಂದು ಗ್ರಾಹಕಿ ಇಂಟರ್ನೆಟ್‌ನಲ್ಲಿ ಹುಡುಕಿ ಸಿಕ್ಕಿದ ಒಂದು ನಂಬರ್‌ಗೆ ಫೋನ್ ಮಾಡಿದರು. ಆ ಕಡೆಯವನು ಆರ್ಡರ್ ನಂಬರ್ ಕೇಳಿ, ಬಹಳ ಮರ್ಯಾದೆಯಿಂದ ಮಾತನಾಡಿ, ರೀಫಂಡ್ ಬಿಡುಗಡೆಗೆ ಫೋನಿನ ಪರದೆ ಹಂಚಿಕೊಳ್ಳುವ ಒಂದು ಆ್ಯಪ್ ಹಾಕಿಕೊಳ್ಳಿ ಎಂದ. ಅವರು ಅಲ್ಲಿಗೆ ನಿಲ್ಲಿಸಿ ನನಗೆ ಫೋನ್ ಮಾಡಿದ್ದು ಪುಣ್ಯ. ದುಡ್ಡು ಪಡೆಯುವವರು ಪಿನ್ ಒತ್ತಬೇಕಾಗಿಲ್ಲ, ಒಟಿಪಿ ಹೇಳಬೇಕಾಗಿಲ್ಲ, ಪರದೆ ತೋರಿಸಬೇಕಾಗಿಲ್ಲ. ಖಾತೆಯ ಸಂಖ್ಯೆ, ಶಾಖೆಯ ಕೋಡ್, ಖಾತೆದಾರರ ಹೆಸರು ಇಷ್ಟೇ ಸಾಕು, ಅದನ್ನೂ ಆರ್ಡರ್ ಮಾಡಿದ ಆ್ಯಪ್‌ನೊಳಗೇ ತುಂಬಬೇಕು. ರೀಫಂಡ್ ತಡವಾಗಿ ಕಂಗಾಲಾದವರನ್ನೇ ಈ ವಂಚಕರು ಕಾಯುತ್ತಿರುತ್ತಾರೆ.

ನಾವು ಮಾರಾಟಗಾರರಿಂದ ಕೇಳಿದ್ದು ಬ್ಯಾಂಕ್ ವರ್ಗಾವಣೆಯ ಉಲ್ಲೇಖ ಸಂಖ್ಯೆ. 'ಪೂರ್ಣಗೊಂಡಿದೆ' ಎಂಬುದು ಕಳಿಸಿದವರ ಕಡೆಯ ಮಾತು, ತಲುಪಿತೇ ಎಂಬುದನ್ನು ಆ ಸಂಖ್ಯೆ ಮಾತ್ರ ಹೇಳುತ್ತದೆ. ಬ್ಯಾಂಕಿನಲ್ಲಿ ತೋರಿಸಿದಾಗ ಅಂಥ ಜಮೆ ಇಲ್ಲವೆಂದರು. ಗ್ರಾಹಕಿ ಹಳೆಯ ಪಾಸ್‌ಬುಕ್ ನೋಡಿ ಶಾಖೆಯ ಕೋಡ್ ತುಂಬಿದ್ದರು, ಬ್ಯಾಂಕ್ ವಿಲೀನವಾದ ಮೇಲೆ ಆ ಕೋಡ್ ಬದಲಾಗಿತ್ತು. ದುಡ್ಡು ತಿರಸ್ಕೃತವಾಗಿ ಮಾರಾಟಗಾರರ ಖಾತೆಗೇ ಮರಳಿ ಒಂದು ವಾರದಿಂದ ಅಲ್ಲಿ ಕುಳಿತಿತ್ತು, ಅವರ ಪರದೆಯಲ್ಲಿ ಮಾತ್ರ ಪೂರ್ಣಗೊಂಡಂತೆಯೇ ಕಾಣುತ್ತಿತ್ತು. 33ನೆಯ ದಿನ ಹೊಸ ಕೋಡ್ ಕೊಟ್ಟರು, 36ನೆಯ ದಿನ 92 ಜಮೆಯಾಯಿತು: ಇಸ್ತ್ರಿಪೆಟ್ಟಿಗೆಯ 58, ಹೊದಿಕೆಗಳ 34.

ಉಳಿದ 8ರ ವಿಷಯದಲ್ಲಿ ಇನ್ನೊಂದು ಇಮೇಲ್ ಬರೆಯಬೇಕಾಯಿತು. ಇಷ್ಟವಾಗಲಿಲ್ಲವೆಂದು ಹಿಂದಿರುಗಿಸಿದರೆ ಸಾಗಣೆಯ ಖರ್ಚು ಗ್ರಾಹಕರ ಮೇಲೆ ಬೀಳಬಹುದು, ಆದರೆ ತಪ್ಪು ವಸ್ತು ಕಳಿಸಿದವರು ಆ ಖರ್ಚನ್ನು ಹಿಡಿದುಕೊಳ್ಳುವುದು ಸರಿಯಲ್ಲ. ಗೋದಾಮಿನ ತಪ್ಪನ್ನು ಒಪ್ಪಿದ ಅವರದೇ ಉತ್ತರವನ್ನು ಲಗತ್ತಿಸಿ ಬರೆದದ್ದಕ್ಕೆ 41ನೆಯ ದಿನ ಸಾಗಣೆಯ 5 ಬಂತು. ಕ್ಯಾಶ್ ಆನ್ ಡೆಲಿವರಿ ಶುಲ್ಕದ 3 ಮಾತ್ರ, ಯಾವ ಕಾರಣಕ್ಕೂ ಹಿಂದಿರುಗಿಸುವುದಿಲ್ಲವೆಂದು ತಮ್ಮ ನಿಯಮದಲ್ಲಿದೆ ಎಂದು ಹೇಳಿ ಕೊಡಲಿಲ್ಲ. ತಮ್ಮದೇ ತಪ್ಪಿನಿಂದ ಹಾಳಾದ ವ್ಯವಹಾರಕ್ಕೆ ಶುಲ್ಕ ಹಿಡಿಯುವುದು ಅನ್ಯಾಯವೆಂದೇ ನಾನು ಈಗಲೂ ಹೇಳುತ್ತೇನೆ, ಬಿಡದೆ ಕೇಳಿ ಎಂದೂ ಹೇಳಿದ್ದೆ. ಗ್ರಾಹಕಿ ಆ 3ನ್ನು ಅಲ್ಲಿಗೇ ಬಿಟ್ಟರು. ಮಾವನವರು ಮಾತ್ರ ಆಮೇಲೆ ಬಂದ ಯಾವ ಪಾರ್ಸೆಲ್‌ಗೂ ಸೊಸೆಗೆ ಫೋನ್ ಮಾಡಿ ಲೇಬಲ್‌ನ ಮೊತ್ತ ಓದಿ ಹೇಳದೆ ದುಡ್ಡು ಕೊಟ್ಟಿಲ್ಲವಂತೆ.